ಗಾಜಿನ ಬಾಟಲಿಗೆ ಪೇಂಟ್ ತುಂಬಬೇಡಿ

ಸಂಪಾದಕರೇ,

ತಂಪು ಪಾನೀಯದ ಬಾಟಲಿ ತೊಳೆಯುವ ಘಟಕದಲ್ಲಿ ತಪಾಸಣೆ ಕೆಲಸ ಮಾಡಿದವನು ನಾನು. ವಾಪಸ್ ಬಂದ ಬಾಟಲಿಯನ್ನು ಕಾಸ್ಟಿಕ್ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ನೆನೆಸುತ್ತೇವೆ. ಸಕ್ಕರೆ ಅಂಟು, ಬೂಷ್ಟು ಬಿಟ್ಟುಕೊಳ್ಳುತ್ತವೆ. ಒಣಗಿದ ಪೇಂಟ್, ಸಿಮೆಂಟ್ ಮಾತ್ರ ಜಪ್ಪಯ್ಯ ಅಂದ್ರೂ ಬಿಡುವುದಿಲ್ಲ. ಅಂಥ ಬಾಟಲಿ ಸೀದಾ ಒಡೆಯುವ ರಾಶಿಗೆ ಹೋಗುತ್ತದೆ.

ತೊಳೆದ ಬಾಟಲಿಗೆ ಒಂದು ಹನಿ ಫಿನಾಲ್ಫ್ಥಲೀನ್ ಹಾಕುತ್ತೇವೆ. ಗುಲಾಬಿ ಬಣ್ಣ ಬಂದರೆ ಕಾಸ್ಟಿಕ್ ಉಳಿದಿದೆ ಎಂದರ್ಥ. ಆಮೇಲೆ ಬೆಳಕಿನ ಮುಂದೆ ಹಾಯಿಸುತ್ತೇವೆ. ಬಾಯಿಯ ಅಂಚು ಚೂರು ಚಕ್ಕೆ ಎದ್ದಿದ್ದರೂ ಮುಚ್ಚಳ ಕೂರದೆ ಗ್ಯಾಸ್ ಸೋರುತ್ತದೆ.

ಜೋಪಾನ ಮಾಡಿದರೆ ಒಂದು ಬಾಟಲಿ 25–30 ಸಲ ತುಂಬಿಸಿಕೊಳ್ಳುತ್ತದೆ. ಬಾಟಲಿಗಳು ಒಂದಕ್ಕೊಂದು ಉಜ್ಜಿ ಮೈಮೇಲೆ ಬಿಳಿ ಉಂಗುರ ಮೂಡುತ್ತದೆ. ಅದೇ ಅದರ ವಯಸ್ಸು. ಅಂಗಡಿಯವರು ಖಾಲಿ ಬಾಟಲಿಯನ್ನು ಸುಮ್ನೆ ಎಸೆಯದೆ ಕ್ರೇಟಿನಲ್ಲೇ ಇಡಲಿ.

– ಒಬ್ಬ ನಿವೃತ್ತ ಕಾರ್ಮಿಕ