ಒಂದು ಶಾಲಿನ ಋಣ

ಮಕ್ಕಳೇ, ಸಹೋದ್ಯೋಗಿಗಳೇ, 30 ವರ್ಷ ಸೀಟಿ ಊದಿದವನಿಗೆ ಮೈಕು ಹಿಡಿದರೆ ಮಾತು ಹೊರಡುತ್ತಿಲ್ಲ. ನಿಮಗೆಲ್ಲ ಆಮೇಲೆ ಒಬ್ಬೊಬ್ಬರಾಗಿ ಕೈಮುಗಿಯುತ್ತೇನೆ. ಈಗ ಇಲ್ಲಿಲ್ಲದ ಒಬ್ಬರನ್ನು ನೆನೆಯಬೇಕು.

ಕೆಲಸಕ್ಕೆ ಸೇರಿದ ಮೊದಲ ವರ್ಷ. ಹೈಜಂಪ್ ಅಭ್ಯಾಸದಲ್ಲಿ ಹುಡುಗನೊಬ್ಬ ಚಾಚಿದ ಕೈಯ ಮೇಲೆಯೇ ಬಿದ್ದ. ಭುಜದ ದುಂಡು ಮಾಯವಾಗಿ, ತುದಿಯ ಮೂಳೆ ಚೂಪಾಗಿ ಎದ್ದು ಕಾಣುತ್ತಿತ್ತು. ಕೀಲು ತಪ್ಪಿದೆ, ಎಳೆದು ಕೂರಿಸಿಬಿಡೋಣ ಎಂದು ಅವನ ಮುಂಗೈ ಹಿಡಿದೂ ಆಗಿತ್ತು. ರಸ್ತೆಯಲ್ಲಿ ಹೋಗುತ್ತಿದ್ದ ಹೆಂಗಸೊಬ್ಬರು "ಎಳೆಯಬೇಡಿ ಮೇಷ್ಟ್ರೇ!" ಎಂದು ಕೂಗುತ್ತ ಓಡಿ ಬಂದರು.

ಮೂಳೆಯೂ ಮುರಿದಿದ್ದರೆ ಎಳೆತಕ್ಕೆ ನರವೋ ರಕ್ತನಾಳವೋ ಘಾಸಿಯಾಗುತ್ತದೆ ಎಂದರು. ತೋಳನ್ನು ಇದ್ದ ಹಾಗೆಯೇ ಬಿಟ್ಟು, ಪಕ್ಕೆಯ ಸಂದಿಗೆ ಮಡಿಸಿದ ಸ್ವೆಟರ್ ಇಟ್ಟು, ತಮ್ಮ ಶಾಲಿನಿಂದ ಜೋಲಿ ಕಟ್ಟಿದರು. ಆಮೇಲೆ ಅವನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ, "ಇದು ಗೊತ್ತಾಗುತ್ತಿದೆಯೇ ಮರಿ?" ಎಂದು ಕೇಳಿದರು, ಮಣಿಕಟ್ಟಿನಲ್ಲಿ ನಾಡಿ ನೋಡಿದರು. ನೀರು ಕುಡಿಸಲು ಹೊರಟ ನನ್ನನ್ನೂ ತಡೆದರು. ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡಬೇಕಾಗಬಹುದಲ್ಲ!

ಎಕ್ಸ್-ರೇಯಲ್ಲಿ ಮೂಳೆಯ ಬಿರುಕೂ ಕಂಡಿತು. ನನ್ನ ಕೈ ನಡುಗಿದ್ದು ಆಗ. ಹೊರಗೆ ಬಂದು ನೋಡಿದರೆ ಅವರು ಹೋಗಿಬಿಟ್ಟಿದ್ದರು.

ಆ ಶಾಲು ನನ್ನ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲೇ ಇದೆ, ಒಗೆದು ಮಡಿಸಿ. ನಿಮ್ಮಲ್ಲಿ ಕೆಲವರ ತೋಳನ್ನೂ ಅದು ಹೊತ್ತಿದೆ. ಪೆಟ್ಟಿಗೆಯನ್ನು ಇಲ್ಲಿಯೇ ಬಿಟ್ಟು ಹೋಗುತ್ತಿದ್ದೇನೆ.