ದಿಬ್ಬದ ಬುಡಕ್ಕೆ ಕಟ್ಟೆ ಕಟ್ಟಿಸಿ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ,

ನಮಸ್ಕಾರಗಳು.

ನಾನು ನಿಮ್ಮ ಕ್ಷೇತ್ರದ ಮತದಾರ. ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಹೇಳಿ ನಿವೃತ್ತನಾದವನು. ಮುಚ್ಚಿದ ತಾಮ್ರದ ಗಣಿಯ ಕೆಳಗೆ, ಹಳ್ಳದ ದಂಡೆಯಲ್ಲಿ ನಮ್ಮ ಜಮೀನಿದೆ. ಗಣಿಯಿಂದ ತೆಗೆದು ಬೇಡವೆಂದು ಸುರಿದ ಕಲ್ಲಿನ ದಿಬ್ಬ ಅಲ್ಲಿ ಹಾಗೇ ಬಿದ್ದಿರುವುದು, ಮಳೆ ಬಂದಾಗಲೆಲ್ಲ ಹಳ್ಳ ಕೆಂಪಗೆ ಹರಿಯುವುದು ನಿಮಗೆ ಗೊತ್ತಿಲ್ಲದ್ದೇನಲ್ಲ. ಅರ್ಜಿಗಳು ನಿಮ್ಮ ಕಚೇರಿಗೂ ಬಂದಿವೆ, ತಾಲ್ಲೂಕು ಕಚೇರಿಗೂ ಹೋಗಿವೆ. ಉತ್ತರ ಬಾರದೆ ಇರುವುದರಿಂದ ಈಗ ಎಲ್ಲರೂ ಓದಲಿ ಎಂದು ಬರೆಯುತ್ತಿದ್ದೇನೆ.

ನಮ್ಮ ಬೇಡಿಕೆ ಒಂದೇ. ದಿಬ್ಬದ ಬುಡದಲ್ಲಿ ಸೋರುನೀರನ್ನು ಹಿಡಿದು ನಿಲ್ಲಿಸುವ ಕಟ್ಟೆ ಕಟ್ಟಿಸಿ, ಅಲ್ಲೇ ಶುದ್ಧ ಮಾಡಿಸಿ, ಆಮೇಲೆ ಹಳ್ಳಕ್ಕೆ ಬಿಡಿಸಿ.

"ಅದು ಮಣ್ಣಿನ ಬಣ್ಣ, ತುಕ್ಕಿನ ನೀರು, ಏನೂ ಆಗಲ್ಲ" ಎಂದು ಬಂದ ಅಧಿಕಾರಿಗಳೆಲ್ಲ ಹೇಳಿ ಹೋದರು. ಅದು ಮಣ್ಣಿನ ಬಣ್ಣವಲ್ಲ ಸ್ವಾಮಿ. ಆ ದಿಬ್ಬದೊಳಗೆ ಹಗಲೂ ರಾತ್ರಿ ಬಯೋಲೀಚಿಂಗ್ ನಡೆಯುತ್ತಿದೆ. ಬ್ಯಾಕ್ಟೀರಿಯಾ ಬಳಸಿ ಅದಿರಿನಿಂದ ಲೋಹ ಕರಗಿಸುವ ಈ ವಿಧಾನವನ್ನು ಗಣಿ ಕಂಪನಿಗಳು ಕೋಟಿಗಟ್ಟಲೆ ಖರ್ಚು ಮಾಡಿ, ನೆಲಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಒಂದು ಹನಿಯೂ ಹೊರಹೋಗದಂತೆ ಕಾಲುವೆ ತೋಡಿ ನಡೆಸುತ್ತವೆ. ನಮ್ಮ ದಿಬ್ಬಕ್ಕೆ ಹಾಳೆಯಿಲ್ಲ, ಕಾಲುವೆಯಿಲ್ಲ, ಕಾವಲುಗಾರನೂ ಇಲ್ಲ. ಕರಗಿದ್ದೆಲ್ಲ ನೇರ ನಮ್ಮ ಹೊಲಕ್ಕೆ ಬರುತ್ತದೆ.

ಆ ಕಲ್ಲಿನೊಳಗೆ ಹಿತ್ತಾಳೆ ಬಣ್ಣದ ಹೊಳೆಯುವ ಕಾಳುಗಳಿವೆ. ನಮ್ಮ ಮಕ್ಕಳು ಚಿನ್ನವೆಂದು ಆರಿಸಿ ತರುತ್ತಾರೆ. ಅದು ಪೈರೈಟ್, ಕಬ್ಬಿಣ ಮತ್ತು ಗಂಧಕ ಸೇರಿದ ಖನಿಜ. ಜೊತೆಗೆ ತಾಮ್ರವಿರುವ ಚಾಲ್ಕೊಪೈರೈಟ್ ಕೂಡ ಇದೆ. ನೆಲದಾಳದಲ್ಲಿ ಗಾಳಿ ಸೋಕದೆ ಇದ್ದಷ್ಟು ಕಾಲ ಇವು ಸುಮ್ಮನಿದ್ದವು. ಒಡೆದು ಮೇಲೆ ಸುರಿದ ಮೇಲೆ ಗಾಳಿ, ನೀರು ಎರಡೂ ತಾಕಿದವು. ಮೊದಮೊದಲು ಪೈರೈಟ್ ತಾನಾಗಿಯೇ ನಿಧಾನವಾಗಿ ಆಮ್ಲಜನಕದೊಂದಿಗೆ ಬೆರೆತು ಸ್ವಲ್ಪ ಗಂಧಕಾಮ್ಲ ಬಿಡುತ್ತದೆ. ಹುಳಿ ಹೆಚ್ಚಿದಂತೆ ಈ ಕ್ರಿಯೆ ನಿಂತುಹೋಗಬೇಕಿತ್ತು. ಕರಗಿದ ಕಬ್ಬಿಣಕ್ಕೆ ಎರಡು ರೂಪ: ಮೊದಲು ಫೆರಸ್, ಅದು ಇನ್ನಷ್ಟು ಆಕ್ಸಿಡೀಕರಣವಾದರೆ ಫೆರಿಕ್. ಪಿಎಚ್ ಇಳಿದ, ಎಂದರೆ ಹುಳಿ ಹೆಚ್ಚಿದ ನೀರಿನಲ್ಲಿ ಫೆರಸ್ ಕಬ್ಬಿಣ ತಾನಾಗಿ ಫೆರಿಕ್ ಆಗುವುದು ಬಹಳ ನಿಧಾನ. ಅಲ್ಲೇ ಬ್ಯಾಕ್ಟೀರಿಯಾ ಕೈಹಾಕುತ್ತವೆ. ಅಸಿಡಿಥಿಯೋಬ್ಯಾಸಿಲಸ್ ಫೆರೋಆಕ್ಸಿಡಾನ್ಸ್ ಎಂಬುದು ಅವುಗಳಲ್ಲಿ ಹೆಚ್ಚು ಪರಿಚಿತ. ಬೇರೆ ಜೀವಿಗಳು ಸಾಯುವಷ್ಟು ಹುಳಿಯಲ್ಲೇ ಅದಕ್ಕೆ ನೆಮ್ಮದಿ. ಅನ್ನ ಬೇಡ, ಗೊಬ್ಬರ ಬೇಡ. ಫೆರಸ್ ಕಬ್ಬಿಣವನ್ನು ಫೆರಿಕ್ ಮಾಡಿ ಅದರಿಂದ ಬರುವ ಶಕ್ತಿಯಲ್ಲಿ ಬದುಕುತ್ತದೆ, ಗಾಳಿಯ ಇಂಗಾಲದಿಂದ ಮೈ ಕಟ್ಟಿಕೊಳ್ಳುತ್ತದೆ. ಅದಿದ್ದರೆ ಈ ಕೆಲಸ ಲಕ್ಷಪಟ್ಟು, ಹತ್ತು ಲಕ್ಷಪಟ್ಟು ವೇಗವಾಗುತ್ತದೆ.

ನಿಜವಾಗಿ ಕಲ್ಲನ್ನು ತಿನ್ನುವುದು ಆ ಫೆರಿಕ್ ಕಬ್ಬಿಣ. ಅದು ಪೈರೈಟನ್ನು ಕೊರೆದು ಆಮ್ಲ ಬಿಡಿಸುತ್ತದೆ, ತಾಮ್ರದ ಖನಿಜದಿಂದ ತಾಮ್ರ ಬಿಡಿಸುತ್ತದೆ, ಕೊನೆಗೆ ತಾನು ಮತ್ತೆ ಫೆರಸ್ ಆಗುತ್ತದೆ. ಬ್ಯಾಕ್ಟೀರಿಯಾ ಅದನ್ನು ಪುನಃ ಫೆರಿಕ್ ಮಾಡುತ್ತದೆ. ಉಳಿದ ಗಂಧಕವನ್ನು ಅಸಿಡಿಥಿಯೋಬ್ಯಾಸಿಲಸ್ ಥಿಯೋಆಕ್ಸಿಡಾನ್ಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಗಂಧಕಾಮ್ಲವಾಗಿಸುತ್ತದೆ. ಪೈರೈಟ್ ಇರುವ ತನಕ, ಗಾಳಿ ಮತ್ತು ತೇವ ಸಿಗುವ ತನಕ ಈ ಚಕ್ರ ನಿಲ್ಲುವುದಿಲ್ಲ. ಚಾಲ್ಕೊಪೈರೈಟ್ ಮಾತ್ರ ನಮ್ಮ ಹವೆಯಲ್ಲಿ ತನ್ನ ಮೇಲೆ ತಾನೇ ಪೊರೆ ಕಟ್ಟಿಕೊಂಡು ತೀರ ನಿಧಾನವಾಗಿ ಕರಗುತ್ತದೆ. ಹಾಗಾಗಿ ನಮ್ಮ ಹಳ್ಳಕ್ಕೆ ತಾಮ್ರ ಒಂದೆರಡು ವರ್ಷ ಬಂದು ಮುಗಿಯುವುದಲ್ಲ, ದಶಕಗಳ ಕಾಲ ಬರುತ್ತಲೇ ಇರುತ್ತದೆ.

ಇದು ನನ್ನ ಕಲ್ಪನೆಯಲ್ಲ. 1947ರಲ್ಲೇ ಅಮೆರಿಕದ ಕಲ್ಲಿದ್ದಲು ಗಣಿಯ ಹುಳಿ ನೀರಿನಲ್ಲಿ ಈ ಬ್ಯಾಕ್ಟೀರಿಯಾದ ಕೆಲಸವನ್ನು ಕೋಲ್ಮರ್ ಮತ್ತು ಹಿಂಕಲ್ ತೋರಿಸಿದರು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಕೆ. ಎ. ನಟರಾಜನ್ ಮತ್ತು ಅವರ ಶಿಷ್ಯರು ದಶಕಗಳ ಕಾಲ ಇದರ ಮೇಲೇ ಕೆಲಸ ಮಾಡಿದ್ದಾರೆ. ಜ್ಞಾನ ನಮ್ಮ ರಾಜ್ಯದ ರಾಜಧಾನಿಯಲ್ಲೇ ಇದೆ, ಒಂದು ಫೋನ್ ಮಾಡುವವರು ಬೇಕು ಅಷ್ಟೆ.

ನಮ್ಮ ಮನೆಯ ಮಾತು ಕೇಳಿ. ಒಮ್ಮೆ ನನ್ನ ಹೆಂಡತಿ ಹುಲ್ಲು ಕೊಯ್ದು ಕುಡುಗೋಲನ್ನು ಹಳ್ಳದ ಗುಂಡಿಯಲ್ಲೇ ಮರೆತು ಬಂದಳು. ಬೆಳಿಗ್ಗೆ ತೆಗೆದಾಗ ನೀರಲ್ಲಿ ಮುಳುಗಿದ್ದ ಅಲಗು ಕೆಂಪಗಾಗಿತ್ತು. ತುಕ್ಕೆಂದುಕೊಂಡು ಹೆಬ್ಬೆರಳಲ್ಲಿ ಉಜ್ಜಿದರೆ ತೆಳು ಪದರ ಎದ್ದುಬಂತು, ಬಿಸಿಲಿಗೆ ಹಿಡಿದರೆ ತಾಮ್ರದ ಹೊಳಪು. ನೀರಿನಲ್ಲಿ ಕರಗಿದ ತಾಮ್ರ ಕಬ್ಬಿಣದ ಮೇಲೆ ಕೂತು, ಅಷ್ಟೇ ಕಬ್ಬಿಣ ಕರಗಿ ನೀರಿಗೆ ಹೋಗಿತ್ತು. ಇದೇ ನೀರು ನಮ್ಮ ಪಂಪಿನ ಒಳಭಾಗಗಳನ್ನು ತಿಂದಿದೆ, ಹಳ್ಳದ ಬದಿಯ ಎರಡು ಪಟ್ಟಿ ಗದ್ದೆಯನ್ನು ಪಾಳು ಬೀಳಿಸಿದೆ. ಮೀನು, ಏಡಿ, ಕಪ್ಪೆ ಎಂದೋ ಹೋದವು. ದನಗಳು ಮೂಸಿ ಹಿಂದೆ ಸರಿಯುತ್ತವೆ. ಕುಡಿಯುವ ನೀರಿನಲ್ಲಿ ತಾಮ್ರ ಲೀಟರಿಗೆ 0.05 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 1.5 ಮಿಲಿಗ್ರಾಂ ದಾಟಬಾರದು, ಪಿಎಚ್ 6.5ಕ್ಕಿಂತ ಇಳಿಯಬಾರದು ಎಂಬ ಮಾನದಂಡ ನಿಮಗೆ ಗೊತ್ತು. ನಮ್ಮ ಹಳ್ಳದಲ್ಲಿ ಅದ್ದಿದ ಪಿಎಚ್ ಕಾಗದ 3ರ ಆಸುಪಾಸು ತೋರಿಸುತ್ತದೆ. ಈ ಹಳ್ಳದ ದಂಡೆಯಲ್ಲೇ ನಮ್ಮೂರಿನ ಬಾವಿಗಳಿವೆ.

ಇನ್ನು ನಾನು ಹೇಳಲೇಬೇಕಾದ ಘಟನೆ. ಕಳೆದ ಮಳೆಗಾಲದಲ್ಲಿ ಕೊನೆಗೂ ತಪಾಸಣೆಗೆ ತಂಡ ಬರುತ್ತದೆಂದು ಸುದ್ದಿ ಬಂತು. ಹಿಂದಿನ ಸಂಜೆ ಒಬ್ಬ ಗುತ್ತಿಗೆದಾರ ಟ್ರ್ಯಾಕ್ಟರಿನಲ್ಲಿ ಸುಣ್ಣದ ಪುಡಿ ತಂದು ಹಳ್ಳಕ್ಕೆ ಸುರಿದ. ನಾವೆಲ್ಲ ನಿಂತು ನೋಡುತ್ತಿದ್ದೆವು. "ಯಾರು ಹೇಳಿದ್ದು?" ಎಂದರೆ "ಮೇಲಿನವರು" ಎಂದ. ಬೆಳಿಗ್ಗೆ ತಂಡ ಬಂತು. ಸುಣ್ಣ ಬಿದ್ದ ಜಾಗದಿಂದ ಒಂದು ಬಾಟಲಿ, ದಿಬ್ಬದ ಬುಡದಲ್ಲಿ ನೀರು ತಿಳಿಯಾಗಿ ಜಿನುಗುವ ಜಾಗದಿಂದ ಒಂದು ಬಾಟಲಿ ತುಂಬಿಕೊಂಡು, ಅಲ್ಲೇ ಪಿಎಚ್ ನೋಡಿ, "ಮಿತಿಯೊಳಗಿದೆ" ಎಂದು ಬರೆದುಕೊಂಡು ಹೋಯಿತು. ನಾಲ್ಕು ದಿನದ ಮೇಲೆ ಬಂದ ಮಳೆಗೆ ಹಳ್ಳ ಮೊದಲಿಗಿಂತ ಕೆಂಪಗೆ ಹರಿಯಿತು. ಸುಣ್ಣಕ್ಕೆ ಹೆಪ್ಪುಗಟ್ಟಿದ ಕೆಸರೆಲ್ಲ ಕೊಚ್ಚಿಬಂದು ನಮ್ಮ ಗದ್ದೆಯ ಮೇಲೆ ಕೂತಿತು. ನಮ್ಮನ್ನು ಏನೆಂದುಕೊಂಡಿದ್ದೀರಿ?

ಆ ತಿಳಿನೀರೇ ದೊಡ್ಡ ಮೋಸ. ದಿಬ್ಬದೊಳಗಿಂದ ಆಗತಾನೆ ಹೊರಬಂದ ನೀರಿನಲ್ಲಿ ಕಬ್ಬಿಣ ಫೆರಸ್ ರೂಪದಲ್ಲಿರುತ್ತದೆ, ಅದಕ್ಕೆ ಬಣ್ಣವೇ ಇಲ್ಲ. ಕೆಲವು ಸೋರುಗಳಲ್ಲಿ ಆ ಗಳಿಗೆ ಹುಳಿಯೂ ಹೆಚ್ಚಿರುವುದಿಲ್ಲ. ಕೆಳಗೆ ಹರಿಯುತ್ತಾ ಗಾಳಿ ಸೋಕಿ ಫೆರಿಕ್ ಆಗಿ, ನೀರಿನೊಂದಿಗೆ ಸೇರಿ ಕೆಂಪು ಗಸಿಯಾಗಿ ಕೂರುವಾಗ ಹೊಸದಾಗಿ ಆಮ್ಲ ಬಿಡುತ್ತದೆ. ಸೋರಿನ ಬಾಯಲ್ಲಿ ಪಿಎಚ್ ಚೆನ್ನಾಗಿದ್ದರೂ ಫರ್ಲಾಂಗು ಕೆಳಗೆ ಅದೇ ನೀರು ಹುಳಿ. ಆದ್ದರಿಂದ ಬರೀ ಪಿಎಚ್ ನೋಡಿದರೆ ಸಾಲದು. ಕಬ್ಬಿಣ, ತಾಮ್ರ, ಸಲ್ಫೇಟ್ ಮತ್ತು ಒಟ್ಟು ಆಮ್ಲೀಯತೆ ಅಳೆಯಬೇಕು. ಲೋಹಕ್ಕೆಂದು ತೆಗೆದ ಮಾದರಿಯನ್ನು ಅಲ್ಲೇ ಸೋಸಿ ನೈಟ್ರಿಕ್ ಆಮ್ಲ ಹಾಕಿ ಇಡಬೇಕು, ಇಲ್ಲದಿದ್ದರೆ ಲ್ಯಾಬಿಗೆ ಹೋಗುವಷ್ಟರಲ್ಲಿ ಕಬ್ಬಿಣ ಬಾಟಲಿಯ ತಳಕ್ಕೆ ಕೂತಿರುತ್ತದೆ. ಬೇಸಿಗೆಯಲ್ಲಿ ದಿಬ್ಬದ ಮೇಲೆ ಉಪ್ಪಿನಂತೆ ಒಣಗಿ ನಿಂತ ಸಲ್ಫೇಟನ್ನೆಲ್ಲ ಮೊದಲ ಮಳೆ ಕರಗಿಸಿ ತರುತ್ತದೆ. ಅಳೆಯಬೇಕಾದ್ದು ಅವತ್ತು.

ಸುಣ್ಣದ ಲೆಕ್ಕವನ್ನೂ ನೋಡಿ. ಒಂದು ಕಿಲೋ ಪೈರೈಟ್ ಪೂರ್ತಿ ಆಕ್ಸಿಡೀಕರಣವಾದರೆ ಸುಮಾರು 1.6 ಕಿಲೋ ಗಂಧಕಾಮ್ಲ. ದಿಬ್ಬದಲ್ಲಿ ಒಂದು ಲಕ್ಷ ಟನ್ ಕಲ್ಲಿದ್ದು, ಅದರಲ್ಲಿ ಶೇಕಡಾ 1ರಷ್ಟು ಮಾತ್ರ ಪೈರೈಟ್ ಎಂದಿಟ್ಟುಕೊಳ್ಳೋಣ. ಒಟ್ಟು 1,600 ಟನ್ ಆಮ್ಲ ಹುಟ್ಟಬಹುದು. ಒಂದು ಟ್ರ್ಯಾಕ್ಟರಿನಲ್ಲಿ ತಂದ ಮೂರು ಟನ್ ಸುಣ್ಣ ಹೆಚ್ಚೆಂದರೆ ನಾಲ್ಕು ಟನ್ ಆಮ್ಲ ಕೊಲ್ಲುತ್ತದೆ. ಅದೂ ಹಳ್ಳದಲ್ಲಿ, ದಿಬ್ಬದೊಳಗಲ್ಲ.

ಒಬ್ಬ ಅಧಿಕಾರಿ "ಬ್ಯಾಕ್ಟೀರಿಯಾ ತಾನೇ, ಬ್ಲೀಚಿಂಗ್ ಪೌಡರ್ ಹೊಡೆಸಿದರಾಯ್ತು" ಎಂದರು. ಕಲ್ಲಿನ ಸಂದಿಸಂದಿಯಲ್ಲಿ ಕೂತದ್ದಕ್ಕೆ ಪೌಡರ್ ತಲುಪುವುದೇ ಇಲ್ಲ. ತಲುಪಿದ ಕಡೆ ಸತ್ತರೂ ಮತ್ತೆ ಬರುತ್ತವೆ. ಅವುಗಳಿಗೆ ತಪ್ಪಿಸಬೇಕಾದ್ದು ಗಾಳಿ ಮತ್ತು ನೀರು. ದಿಬ್ಬದ ಮೇಲ್ಭಾಗದಲ್ಲಿ ಕಾಲುವೆ ತೋಡಿ ಗುಡ್ಡದ ನೀರನ್ನು ಪಕ್ಕಕ್ಕೆ ತಿರುಗಿಸಿ. ನೆತ್ತಿಗೆ ಜೇಡಿಮಣ್ಣು ಬಡಿದು ಮುಚ್ಚಿ. ಆದರೂ ಸೋರುವುದು ಸೋರುತ್ತದೆ, ಆದ್ದರಿಂದಲೇ ಬುಡಕ್ಕೆ ಕಟ್ಟೆ ಕೇಳುತ್ತಿದ್ದೇವೆ. ಹಾಳೆ ಹಾಸಿದ ಹೊಂಡದಲ್ಲಿ ಆ ನೀರು ನಿಲ್ಲಲಿ. ಗುಜರಿ ಕಬ್ಬಿಣ ತುಂಬಿದ ತೊಟ್ಟಿಯ ಮೂಲಕ ಹಾಯಿಸಿದರೆ ನಮ್ಮ ಕುಡುಗೋಲಿಗೆ ಹತ್ತಿದಂತೆ ತಾಮ್ರದ ಬಹುಪಾಲು ಅಲ್ಲೇ ಉಳಿಯುತ್ತದೆ. ಸ್ಪೇನಿನ ರಿಯೋ ಟಿಂಟೋದಲ್ಲಿ ಬ್ಯಾಕ್ಟೀರಿಯಾದ ಹೆಸರೇ ಗೊತ್ತಿಲ್ಲದ ಕಾಲದಲ್ಲಿ ಹೀಗೆಯೇ ತಾಮ್ರ ತೆಗೆಯುತ್ತಿದ್ದರು. ಆಮೇಲೆ ಗಾಳಿಯಾಡಿಸಿ, ಅಳತೆಯಾಗಿ ಸುಣ್ಣ ಹಾಕಿ, ಕೆಸರು ಕೂರಿಸಿ ತಿಳಿನೀರು ಬಿಡಬೇಕು. ಕೆಸರು ಮತ್ತೆ ಹುಳಿನೀರಿಗೆ ಸಿಗದಂತೆ ಬೇರೆಡೆ ಇಡಬೇಕು. ತಾಮ್ರ ಮಾರಿದ ದುಡ್ಡಲ್ಲಿ ಖರ್ಚೆಲ್ಲ ಹುಟ್ಟುತ್ತದೆ ಎಂದು ನಾನು ಹೇಳುವುದಿಲ್ಲ, ಹುಟ್ಟುವುದಿಲ್ಲ. ಹಳ್ಳಕ್ಕೆ ವಿಷ ಬಿಡಬಾರದೆಂದು 1974ರ ಜಲ ಕಾಯ್ದೆಯ 24ನೇ ಕಲಂ ಹೇಳುವಾಗ ಲಾಭ ನೋಡಿ ಶುದ್ಧ ಮಾಡಿ ಎಂದು ಹೇಳಿಲ್ಲ.

ಕಟ್ಟಿದರೂ ನೋಡಿಕೊಳ್ಳುವವರು ಬೇಕು. ಫಿನ್ಲೆಂಡಿನ ತಾಲ್ವಿವಾರದಲ್ಲಿ ಇದೇ ಬ್ಯಾಕ್ಟೀರಿಯಾಗಳಿಂದ ನಿಕ್ಕಲ್ ತೆಗೆಯುವ ದೊಡ್ಡ ಗಣಿಯಿತ್ತು. ಹಾಳೆ, ಹೊಂಡ, ಇಂಜಿನಿಯರುಗಳು ಎಲ್ಲ ಇದ್ದೂ 2012ರ ನವೆಂಬರಿನಲ್ಲಿ ಅಲ್ಲಿಯ ಜಿಪ್ಸಂ ಹೊಂಡ ಸೋರಿ ಲೋಹದ ನೀರು ಸುತ್ತಲಿನ ಜಲಮೂಲ ಸೇರಿತು. ಎಲ್ಲ ಇದ್ದ ಕಡೆಯೇ ಹೀಗಾದರೆ ಏನೂ ಇಲ್ಲದ ನಮ್ಮ ಪಾಡು ಯೋಚಿಸಿ.

ಗಣಿ ಮುಚ್ಚಿದೆ, ಜವಾಬ್ದಾರಿ ಯಾರದೆಂದು ಕಡತ ನೋಡಬೇಕು ಎಂಬ ಉತ್ತರ ಇನ್ನು ಬೇಡ. ಗಣಿ ಮುಚ್ಚಿದ್ದು ಬ್ಯಾಕ್ಟೀರಿಯಾಕ್ಕೆ ಗೊತ್ತಿಲ್ಲ. ಈ ಮಳೆಗಾಲಕ್ಕೆ ಮುಂಚೆ ದಿಬ್ಬದ ಬುಡಕ್ಕೆ ಕಟ್ಟೆಯ ಅಂದಾಜುಪಟ್ಟಿ ಮಾಡಿಸಿ, ಹಣ ಬಿಡುಗಡೆ ಮಾಡಿಸಿ. ಮೊದಲ ಮಳೆಯ ದಿನ ಮಾದರಿ ತೆಗೆಯುವವರನ್ನು ಕಳಿಸಿ, ಹಿಂದಿನ ದಿನ ಸುಣ್ಣದ ಟ್ರ್ಯಾಕ್ಟರ್ ಕಳಿಸಬೇಡಿ. ಅದು ಮತ್ತೆ ಬಂದರೆ ಊರಿನವರೆಲ್ಲ ಹಳ್ಳದ ದಾರಿಯಲ್ಲಿ ಅಡ್ಡ ಕೂರುತ್ತೇವೆ.

ಇಂತಿ,
ಹಳ್ಳದ ಕೆಳಗಿನ ಜಮೀನಿನ ಒಬ್ಬ ರೈತ, ನಿವೃತ್ತ ವಿಜ್ಞಾನ ಶಿಕ್ಷಕ