ಕೈಗೆ ಸಿಗದ ಗರ್ಭಕೋಶ

ಮಾನ್ಯರೇ,

ಮೊನ್ನೆ ಮಳೆಯ ರಾತ್ರಿ ಕೊಡಗಿನ ಆಸ್ಪತ್ರೆಯೊಂದರಲ್ಲಿ ನನ್ನ ಸೊಸೆಗೆ ಹೆರಿಗೆಯಾಯಿತು. ಮಾಸು ಬೀಳುವ ಮೊದಲೇ ಬಿಳಿಚಿಕೊಂಡು ಬೆವತಳು. ಹೋದ ರಕ್ತ ಅಷ್ಟೇನಿಲ್ಲ, ಬಿಪಿ ಮಾತ್ರ ಕುಸಿದಿತ್ತು. ರಾತ್ರಿ ಪಾಳಿಯ ಕಿರಿಯ ವೈದ್ಯೆ ಹೊಟ್ಟೆ ಒತ್ತಿ ನೋಡಿದರು. ಹೊಕ್ಕುಳ ಹತ್ತಿರ ಗಟ್ಟಿ ಚೆಂಡಿನಂತೆ ಸಿಗಬೇಕಾದ ಗರ್ಭಕೋಶ ಸಿಗಲಿಲ್ಲ. ಒಳಮೈ ಹೊರಗಾಗಿ ಯೋನಿಗೆ ಇಳಿದಿತ್ತು. ತಕ್ಷಣ ತಂಡವನ್ನು ಕರೆಸಿ, ಗರ್ಭಕೋಶವನ್ನು ಬಿಗಿಗೊಳಿಸುವ ಆಕ್ಸಿಟೋಸಿನ್ ಔಷಧ ನಿಲ್ಲಿಸಿದರು. ಅಂಟಿದ್ದ ಮಾಸು ಕೀಳಲಿಲ್ಲ, ಕಿತ್ತರೆ ರಕ್ತಸ್ರಾವ ಹೆಚ್ಚುತ್ತದೆ. ತಡವಾದರೆ ಗರ್ಭಕೋಶದ ಬಾಯಿ ಬಿಗಿಯುತ್ತದೆಂದು ಅಂಗೈಯಲ್ಲಿ ಹಿಡಿದು ಮೇಲಕ್ಕೊತ್ತುತ್ತಲೇ ಇದ್ದರು. ಅರಿವಳಿಕೆ ವೈದ್ಯರು ಬಂದ ಮೇಲೆ ಅದು ಸ್ವಸ್ಥಾನ ಸೇರಿತು. ಆಮೇಲೆ ಮತ್ತೆ ಆಕ್ಸಿಟೋಸಿನ್ ಕೊಟ್ಟರು. ಆ ವೈದ್ಯೆಗೆ ನಮ್ಮ ಮನೆ ಋಣಿ. ಜಿಲ್ಲೆಯ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ರಾತ್ರಿ ಅರಿವಳಿಕೆ ವೈದ್ಯರಿರಲಿ.

– ನಿವೃತ್ತ ನರ್ಸ್, ಸೋಮವಾರಪೇಟೆ